ಫೋಟೋದಲ್ಲಿರುವ ಗ್ರೂಪ್ ಕೋಷ್ಟಕವನ್ನು ಓದುವುದು

ಸಮಬಾಹು ತ್ರಿಭುಜವೊಂದನ್ನು ತಿರುಗಿಸಿಯೋ ಮಗುಚಿಯೋ ಮತ್ತೆ ಅದೇ ಜಾಗದಲ್ಲಿ ಕೂರಿಸಲು 6 ದಾರಿಗಳಿವೆ. e ಎಂದರೆ ಸುಮ್ನೆ ಬಿಡುವುದು. a ಎಂದರೆ 120 ಡಿಗ್ರಿ ತಿರುಗಿಸುವುದು, b ಎಂದರೆ 240 ಡಿಗ್ರಿ. p, q, t ಮೂರು ಬಗೆಯ ಮಗುಚುವಿಕೆಗಳು. ಎರಡನ್ನು ಒಂದಾದ ಮೇಲೊಂದು ಮಾಡುವುದೇ ಇಲ್ಲಿ ಗುಣಾಕಾರ. ಇವುಗಳ ಗುಣಾಕಾರ ಕೋಷ್ಟಕವನ್ನು ಯಾರೋ ಬೋರ್ಡಿನಿಂದ ಫೋಟೋ ತೆಗೆದಿದ್ದಾರೆ, ಒಂದು ಮನೆ ಮಸುಕಾಗಿದೆ ಎಂದುಕೊಳ್ಳಿ.

```
    e a b p q t
e | e a b p q t
a | a b e q t p
b | b e a t p q
p | p t q e ? a
q | q p t a e b
t | t q p b a e
```

ಅಡ್ಡಸಾಲಿನ ಅಕ್ಷರ ಮೊದಲು, ಕಂಬಸಾಲಿನದು ಆಮೇಲೆ. ಅಂದರೆ a ಸಾಲು, p ಕಂಬ ಸೇರುವ ಮನೆಯಲ್ಲಿ ap ಇದೆ.

ಗ್ರೂಪ್ ಎನ್ನಬೇಕಾದರೆ ಆವೃತ ಗುಣ, ಅನನ್ಯತಾಂಶ, ವಿಲೋಮ, ಸಹವರ್ತನೀಯ ಗುಣ ನಾಲ್ಕೂ ಇರಬೇಕು. ಮೊದಲು ಆವೃತ ಗುಣ. ತಲೆಸಾಲಿನಲ್ಲಿ ಇಲ್ಲದ ಅಕ್ಷರ ಒಳಗೆಲ್ಲೂ ಬರಬಾರದು. ಇಲ್ಲಿ ಬಂದಿಲ್ಲ, ಆದರೆ ಆ ಮಸುಕಾದ ಮನೆಯದು ಏನು? ಇದು ಗ್ರೂಪ್ ಎಂದು ಮೊದಲೇ ಗೊತ್ತಿದ್ದರೆ ಸುಲಭ. ಗ್ರೂಪಿನ ಕೋಷ್ಟಕದಲ್ಲಿ ಪ್ರತಿ ಸಾಲಿನಲ್ಲೂ ಪ್ರತಿ ಕಂಬದಲ್ಲೂ ಎಲ್ಲ ಅಕ್ಷರಗಳು ಒಂದೊಂದೇ ಸಲ ಬರುತ್ತವೆ. p ಸಾಲಿನಲ್ಲಿ b ಇಲ್ಲ, q ಕಂಬದಲ್ಲೂ b ಇಲ್ಲ. ಹಾಗಾಗಿ ಅದು b. ಕೈಬರಹದ a ಕೆಲವೊಮ್ಮೆ q ಥರ ಕಾಣುತ್ತದೆ. ತಪ್ಪಾಗಿ ಓದಿದ್ದರೆ ಅದೇ ಸಾಲಿನಲ್ಲಿ q ಎರಡು ಸಲ ಬಂದು ತಪ್ಪು ತಾನಾಗಿಯೇ ತೋರುತ್ತದೆ. ಆದರೆ ‘ಇದು ಗ್ರೂಪ್ ಹೌದೋ ಅಲ್ಲವೋ’ ಎಂಬುದೇ ಪ್ರಶ್ನೆಯಾಗಿದ್ದರೆ ಹೀಗೆ ತುಂಬುವಂತಿಲ್ಲ. ಸಾಬೀತು ಮಾಡಬೇಕಾದ್ದನ್ನೇ ಒಪ್ಪಿಕೊಂಡಂತೆ ಆಗುತ್ತದೆ, ಅಲ್ವಾ? ಆಗ ಸ್ಪಷ್ಟವಾದ ಫೋಟೋ ಬೇಕೇ ಬೇಕು.

ಅನನ್ಯತಾಂಶ ಹುಡುಕಲು ತಲೆಸಾಲನ್ನು ಹಾಗೆಯೇ ನಕಲು ಮಾಡುವ ಸಾಲನ್ನು ನೋಡಿ. ಅದೇ ಅಕ್ಷರದ ಕಂಬವೂ ಎಡಬದಿಯ ಪಟ್ಟಿಯ ನಕಲಾಗಿರಬೇಕು. ಇಲ್ಲಿ ಅದು e. ವಿಲೋಮಕ್ಕೆ ಪ್ರತಿ ಸಾಲಿನಲ್ಲೂ e ಎಲ್ಲಿದೆ ಎಂದು ನೋಡಿ. a ಸಾಲಿನಲ್ಲಿ b ಕಂಬದ ಕೆಳಗಿದೆ, b ಸಾಲಿನಲ್ಲಿ a ಕಂಬದ ಕೆಳಗಿದೆ. ಆದ್ದರಿಂದ a, b ಒಂದಕ್ಕೊಂದು ವಿಲೋಮ. p, q, t ಸಾಲುಗಳಲ್ಲಿ e ಕರ್ಣದ ಮೇಲೇ ಕೂತಿದೆ. ಎರಡು ಸಲ ಮಗುಚಿದರೆ ಮೊದಲಿನಂತೆಯೇ ಆಗುವುದರಿಂದ ಅವು ತಮಗೆ ತಾವೇ ವಿಲೋಮ.

ಪರಿವರ್ತನೀಯವೇ ಎಂದು ತಿಳಿಯಲು ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಹೋಗುವ ಕರ್ಣದ ಮೇಲೆ ಕೋಷ್ಟಕವನ್ನು ಮಡಚಿದಂತೆ ಊಹಿಸಿಕೊಳ್ಳಿ. ಎರಡೂ ಕಡೆ ಹೊಂದಬೇಕು. ಇಲ್ಲಿ ap = q, pa = t. ಈ ಒಂದು ಜೋಡಿ ಸಾಕು, ಇದು ಪರಿವರ್ತನೀಯವಲ್ಲ. ಮಡಚುವ ಮೊದಲು ಮೇಲಿನ ಪಟ್ಟಿಯೂ ಎಡಬದಿಯ ಪಟ್ಟಿಯೂ ಒಂದೇ ಕ್ರಮದಲ್ಲಿವೆಯೇ ಎಂದು ನೋಡಲೇಬೇಕು. ಕ್ರಮ ಬೇರೆಯಾಗಿದ್ದರೆ ಪರಿವರ್ತನೀಯ ಗ್ರೂಪಿನ ಕೋಷ್ಟಕವೂ ಹೊಂದದೇ ಹೋಗಬಹುದು.

ಯಾವ ಮೂರು ಅಂಶಗಳಿಗೂ (xy)z = x(yz) ಆಗಬೇಕು ಎಂಬ ಸಹವರ್ತನೀಯ ಗುಣ ಮಾತ್ರ ಹೀಗೆ ಕಣ್ಣಿಗೆ ಬೀಳುವುದಿಲ್ಲ. 5 ಅಂಶಗಳ ಈ ಕೋಷ್ಟಕ ನೋಡಿ.

```
    1 2 3 4 5
1 | 1 2 3 4 5
2 | 2 1 4 5 3
3 | 3 5 1 2 4
4 | 4 3 5 1 2
5 | 5 4 2 3 1
```

ಆವೃತ ಗುಣ, ಅನನ್ಯತಾಂಶ, ವಿಲೋಮ ಎಲ್ಲವೂ ಇವೆ. ಯಾವ ಸಾಲಿನಲ್ಲೂ ಅಂಕಿ ಮರುಕಳಿಸಿಲ್ಲ. ಆದರೂ (2·2)·3 = 3, 2·(2·3) = 5. ಹಾಗಾಗಿ ಇದು ಗ್ರೂಪ್ ಅಲ್ಲ.