ಪಾಲಿಸಿ ಜೆರಾಕ್ಸ್ ಕೊಟ್ಟರೂ ಸರ್ಟಿಫಿಕೇಟ್ ಕೇಳ್ತಿದ್ದಾರೆ, ವಿಮಾ ಕಂಪನಿಗೆ ಏನಂತ ಬರೆಯಲಿ?

ಪ್ರಶ್ನೆ: ಸರ್, ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಪುಣೆಯ ಪಂಪ್ ಕಂಪನಿಯೊಂದಕ್ಕೆ ಕಾಸ್ಟಿಂಗ್ ಸಪ್ಲೈ ಮಾಡುವ ಮಾತು ನಡೆದಿದೆ. ಅವರು ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳಿದರು. ಪಾಲಿಸಿಯ ಜೆರಾಕ್ಸ್ ಕಳಿಸಿದೆ, ವಾಪಸ್ ಬಂತು. ಈಗ ವಿಮಾ ಕಂಪನಿಗೆ ಈಮೇಲ್‌ನಲ್ಲಿ ಏನಂತ ಬರೆಯಲಿ?

ಉತ್ತರ: ಈಮೇಲ್ ಬರೆಯುವ ಮುಂಚೆ, ನೀವು ಕಳಿಸಿದ್ದು ಯಾವ ಪಾಲಿಸಿ ಅಂತ ತೆಗೆದು ನೋಡಿ. ಸಣ್ಣ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ಯಾಂಕ್ ಸಾಲಕ್ಕಾಗಿ ಮಾಡಿಸಿದ ಬೆಂಕಿ ವಿಮೆ. ಅದು ನಿಮ್ಮ ಶೆಡ್ಡು, ಫರ್ನೇಸು, ಸ್ಟಾಕು ಇವುಗಳನ್ನು ಕಾಯುತ್ತದೆ. ಪುಣೆಯವರ ಚಿಂತೆ ಬೇರೆ. ನೀವು ಕೊಟ್ಟ ಪಂಪ್ ಬಾಡಿ ಒಡೆದು ಯಾರಿಗಾದರೂ ಪೆಟ್ಟಾದರೆ ಪರಿಹಾರ ಯಾರು ಕೊಡುತ್ತಾರೆ? ಇದಕ್ಕೆ ಬೇಕಾದದ್ದು ಪ್ರಾಡಕ್ಟ್ ಲಯಬಿಲಿಟಿ ವಿಮೆ. ಪಬ್ಲಿಕ್ ಲಯಬಿಲಿಟಿ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದು ನಿಮ್ಮ ಜಾಗದಲ್ಲಿ, ನಿಮ್ಮ ಕೆಲಸದಿಂದ ಹೊರಗಿನವರಿಗೆ ಆಗುವ ಅಪಘಾತಕ್ಕೆ. ಮಾಲು ಗೇಟು ದಾಟಿ ಗಿರಾಕಿಯ ಕೈ ಸೇರಿದ ಮೇಲೆ ಅದರಿಂದಾಗುವ ಹಾನಿ ಅದರೊಳಗೆ ಬರುವುದಿಲ್ಲ.

ಸರ್ಟಿಫಿಕೇಟ್ ಅಂದರೆ ವಿಮಾ ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ, ಸಹಿ ಸೀಲು ಹಾಕಿ ಕೊಡುವ ಒಂದೆರಡು ಪುಟದ ಪತ್ರ. ಪಾಲಿಸಿಯಲ್ಲಿ ಏನಿದೆಯೋ ಅದನ್ನು ಮಾತ್ರ ಅದು ಹೇಳುತ್ತದೆ. ಇಲ್ಲದ್ದನ್ನು ಸೇರಿಸಲು ಅದರಿಂದ ಆಗುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ನಿಮ್ಮದೇ ಲೆಕ್ಕ ಹಾಕೋಣ. ನಿಮ್ಮ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿಯಲ್ಲಿ ಒಂದು ಅಪಘಾತಕ್ಕೆ 50 ಲಕ್ಷ ರೂಪಾಯಿ ಮಿತಿ ಇದೆ, ಪುಣೆಯವರು 1 ಕೋಟಿ ಕೇಳಿದ್ದಾರೆ ಅಂತಿಟ್ಟುಕೊಳ್ಳಿ. ಜೊತೆಗೆ ವಿಮೆಯ ರಕ್ಷಣೆ ಪಡೆಯುವವರಾಗಿ ತಮ್ಮ ಹೆಸರೂ ಪಾಲಿಸಿಯಲ್ಲಿ ಸೇರಬೇಕು ಅಂತ ಷರತ್ತು ಹಾಕಿದ್ದಾರೆ. ಆಗ ಮೊದಲು ಎಂಡಾರ್ಸ್‌ಮೆಂಟ್ ಆಗಬೇಕು. ಅಂದರೆ ಪಾಲಿಸಿಯನ್ನೇ ತಿದ್ದಬೇಕು, ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು. ವಿಮಾ ಕಾಯ್ದೆ 1938ರ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಕೈಗೆ ಬರುವ ಮುಂಚೆ ಕಂಪನಿ ಹೊಣೆ ಹೊರುವಂತಿಲ್ಲ. ಹಾಗಾಗಿ "ಸರ್ಟಿಫಿಕೇಟ್ ಕೊಟ್ಟುಬಿಡಿ, ದುಡ್ಡು ಆಮೇಲೆ" ಅಂದರೆ ನಡೆಯುವುದಿಲ್ಲ. ಕೊನೆಯ ದಿನದವರೆಗೆ ಕಾಯಬೇಡಿ.

ಬೇಕಾದ ಮಾತನ್ನು ನಿಮ್ಮ ಭಾಷೆಯಲ್ಲಿ ವಿವರಿಸುವುದೂ ಬೇಡ. ಗಿರಾಕಿ ಕಳಿಸಿದ ವಿಮೆಯ ಷರತ್ತಿನ ಪುಟವನ್ನು ಹಾಗೇ ಲಗತ್ತಿಸಿ. ಈಮೇಲ್ ಹೋಗಬೇಕಾದದ್ದು ಪಾಲಿಸಿ ಕೊಟ್ಟ ಆಫೀಸಿಗೆ. ಅದರ ವಿಳಾಸ ಪಾಲಿಸಿಯ ಮೊದಲ ಪುಟದಲ್ಲೇ ಇರುತ್ತದೆ. ಏಜೆಂಟರಿಗೂ ಒಂದು ಪ್ರತಿ ಹಾಕಿ. ಹೀಗೆ ಬರೆಯಬಹುದು:

> ವಿಷಯ: ಪಾಲಿಸಿ ನಂ. ____, ಸಪ್ಲೈ ಕಾಂಟ್ರ್ಯಾಕ್ಟಿಗೆ ವಿಮಾ ಸರ್ಟಿಫಿಕೇಟ್ ಬೇಕಾಗಿದೆ, ____ ತಾರೀಖಿನೊಳಗೆ
>
> ಮಾನ್ಯರೇ,
> ಮೇಲಿನ ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ನಮ್ಮ ಸಂಸ್ಥೆಯ ಹೆಸರಿನಲ್ಲಿದೆ. ____ ಕಂಪನಿಗೆ (ವಿಳಾಸ: ____) ಕಾಸ್ಟಿಂಗ್ ಸಪ್ಲೈ ಮಾಡಲು ಆ ಕಂಪನಿಯ ಹೆಸರಿಗೆ ಸರ್ಟಿಫಿಕೇಟ್ ಬೇಕಾಗಿದೆ. ಅವರ ಷರತ್ತಿನ ಪುಟ ಲಗತ್ತಿಸಿದ್ದೇನೆ.
> ದಯವಿಟ್ಟು ಸರ್ಟಿಫಿಕೇಟಿನಲ್ಲಿ ಪಾಲಿಸಿ ನಂಬರ್, ಅವಧಿ, ಒಂದು ಅಪಘಾತಕ್ಕೂ ಇಡೀ ವರ್ಷಕ್ಕೂ ಇರುವ ಮಿತಿ, ಎಲ್ಲೆಲ್ಲಿನ ಹಾನಿಗೆ ಅನ್ವಯಿಸುತ್ತದೆ ಎಂಬುದು ಬರಲಿ.
> ಷರತ್ತಿನಲ್ಲಿ ನಮ್ಮ ಪಾಲಿಸಿಗೆ ಹೊಂದದ್ದು ಇದ್ದರೆ, ಎಂಡಾರ್ಸ್‌ಮೆಂಟಿಗೆ ಎಷ್ಟು ಪ್ರೀಮಿಯಂ, ಎಷ್ಟು ದಿನ ಬೇಕು ಎಂದು ಮೊದಲು ತಿಳಿಸಿ.
> ವಂದನೆಗಳೊಂದಿಗೆ,

ಎಂಡಾರ್ಸ್‌ಮೆಂಟಿನ ಆ ಕೊನೆಯ ಸಾಲನ್ನು ಬಿಡಬೇಡಿ. ಅದು ಇಲ್ಲದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆದು ಸರ್ಟಿಫಿಕೇಟ್ ಕಳಿಸಿಬಿಡುತ್ತಾರೆ. 50 ಲಕ್ಷದ ಕಾಗದ ಪುಣೆಗೆ ಹೋಗಿ ಮತ್ತೆ ವಾಪಸ್ ಬರುತ್ತದೆ. ಒಂದು ವಾರ ಸುಮ್ನೆ ಹಾಳು. ಗಿರಾಕಿಯವರು ಇಂಗ್ಲಿಷ್ ಸರ್ಟಿಫಿಕೇಟೇ ಬೇಕು ಅಂದಿದ್ದರೆ ಅದನ್ನೂ ಒಂದು ಮಾತು ಸೇರಿಸಿ.

ಕಾಗದ ಬಂದ ಮೇಲೆ ಮೊದಲು ಹೆಸರು ನೋಡಿ. ನಮ್ಮದೊಂದು ಸರ್ಟಿಫಿಕೇಟ್ ಇದೇ ಕಾರಣಕ್ಕೆ ತಿರುಗಿ ಬಂದಿತ್ತು. ಪಾಲಿಸಿಯಲ್ಲಿ ಮಾಲೀಕರ ಹೆಸರು, ಜಿಎಸ್‌ಟಿ ದಾಖಲೆಯಲ್ಲಿ ಫರ್ಮಿನ ಹೆಸರು ಇತ್ತು. ಗಿರಾಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ಅದನ್ನು ಸರಿಪಡಿಸಲೂ ಎಂಡಾರ್ಸ್‌ಮೆಂಟೇ ಬೇಕಾಯಿತು. ಆಮೇಲೆ ಅವಧಿ ನೋಡಿ. ಕಾಂಟ್ರ್ಯಾಕ್ಟ್ ಮಾರ್ಚ್ ತನಕ, ಪಾಲಿಸಿ ಡಿಸೆಂಬರಿಗೆ ಮುಗಿಯುವುದಾದರೆ, ರಿನ್ಯೂ ಆದ ತಕ್ಷಣ ಹೊಸ ಸರ್ಟಿಫಿಕೇಟ್ ಕಳಿಸುತ್ತೇವೆ ಅಂತ ಗಿರಾಕಿಗೆ ಈಗಲೇ ಬರೆದುಕೊಡಿ.

ಇನ್ನೊಂದು ಮಾತು. ಕಾಸ್ಟಿಂಗಿನಲ್ಲಿ ಬ್ಲೋಹೋಲ್ ಬಂದು ಇಡೀ ಲಾಟ್ ರಿಜೆಕ್ಟ್ ಆದರೆ, ಹೊಸದು ಮಾಡಿಕೊಡುವ ಖರ್ಚು ಪ್ರಾಡಕ್ಟ್ ಲಯಬಿಲಿಟಿಯಲ್ಲಿ ಸಿಗುವುದಿಲ್ಲ. ಮಾಲಿನಿಂದ ಬೇರೆಯವರ ದೇಹಕ್ಕೋ ಆಸ್ತಿಗೋ ಆದ ಹಾನಿಗೆ ಮಾತ್ರ ಅದು. ಷರತ್ತಿನಲ್ಲಿ ರಿಜೆಕ್ಷನ್ ಖರ್ಚಿಗೂ ವಿಮೆ ಇರಬೇಕು ಅಂತ ಬರೆದಿದ್ದರೆ, ಸಹಿ ಮಾಡುವ ಮುಂಚೆ ಪುಣೆಯವರ ಜೊತೆ ಕೂತು ಮಾತಾಡಿ.