ಸಹೋದ್ಯೋಗಿಯ ಉತ್ತರದಲ್ಲಿ ನಿಜಕ್ಕೂ ಏನಿದೆ?

ಉದ್ಯೋಗ ಸ್ಥಳದ ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬರುವವರಲ್ಲಿ ಕೆಲವರು ಮೊಬೈಲ್ ಮುಂದಿಟ್ಟು, ‘ಈ ಉತ್ತರದ ಅರ್ಥವೇನು, ನೀವೇ ಹೇಳಿ’ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರ ಮೇಲೆ ಮನಸ್ಸಾಗಿ ಸಂದೇಶಗಳಲ್ಲಿ ಸ್ವಲ್ಪ ಸಲುಗೆ, ಸ್ವಲ್ಪ ಸರಸ ಬೆರೆಸಿದವರು ಇವರು. ಇದರಲ್ಲಿ ತಪ್ಪೇನೂ ಇಲ್ಲ. ಜೊತೆಯಲ್ಲಿ ದುಡಿಯುವವರ ನಡುವೆ ಪ್ರೀತಿ ಹುಟ್ಟುವುದು ಸಹಜ. ಆದರೆ ‘ಅವರು ಪ್ರತಿ ಸಲವೂ ಉತ್ತರಿಸುತ್ತಾರಲ್ಲ’ ಎಂಬ ಒಂದೇ ಆಧಾರದ ಮೇಲೆ ಮುಂದುವರಿಯುವುದು ಇಲ್ಲಿ ನಡೆಯುವ ಅತ್ಯಂತ ಸಾಮಾನ್ಯ ತಪ್ಪು. ಅಪರಿಚಿತರ ಸಂದೇಶವಾದರೆ ನೋಡದೆ ಬಿಡಬಹುದು. ನಾಳೆ ಬೆಳಿಗ್ಗೆ ಅದೇ ಸಭೆಯಲ್ಲಿ ಎದುರು ಕುಳಿತುಕೊಳ್ಳಬೇಕಾದವರ, ತಮ್ಮ ಕೆಲಸಕ್ಕೆ ಬೇಕಾದ ಕಡತವನ್ನು ಕಳಿಸಬೇಕಾದವರ ಸಂದೇಶವನ್ನು ಹಾಗೆ ಬಿಡಲಾಗದು. ಆದ್ದರಿಂದ ಸಹೋದ್ಯೋಗಿಯ ಉತ್ತರ ಬಂತೆಂಬುದು ಸೌಜನ್ಯಕ್ಕೆ ಸಾಕ್ಷಿಯೇ ಹೊರತು ಆಸಕ್ತಿಗಲ್ಲ.

ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬಿಡಿಸಿ ನೋಡುತ್ತೇನೆ. ಇಬ್ಬರೂ ಒಂದೇ ಯೋಜನೆಯಲ್ಲಿ ಬೇರೆ ಬೇರೆ ತಂಡದವರು, ಒಬ್ಬರು ಇನ್ನೊಬ್ಬರ ಮೇಲಧಿಕಾರಿಯಲ್ಲ. ಆತ ಮೊದಲು ಬರೆದದ್ದು ಹೀಗೆ: ‘ಇವತ್ತಿನ ಸಭೆಯಲ್ಲಿ ಆ ಕೊನೆಯ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಕೇಳಿ ಎಲ್ಲರೂ ಸುಮ್ಮನಾದರು, ನಾನೂ ಸೇರಿ.’ ಆಕೆ ಕೆಲವೇ ನಿಮಿಷಗಳಲ್ಲಿ ನಗುವ ಎಮೋಜಿಯೊಂದಿಗೆ, ‘ಥ್ಯಾಂಕ್ಸ್! ಒಳಗೊಳಗೆ ನಡುಗುತ್ತಿದ್ದೆ’ ಎಂದು ಬರೆದರು. ಇದು ಒಳ್ಳೆಯ ಆರಂಭ. ಆಕೆ ಮಾಡಿದ ಕೆಲಸವನ್ನು ಆತ ಮೆಚ್ಚಿದ್ದಾನೆ, ಮಾತಿನಲ್ಲಿ ತುಸು ತುಂಟತನವಿದೆ, ಉತ್ತರಿಸದಿದ್ದರೂ ಯಾರಿಗೂ ಇರುಸುಮುರುಸಾಗುವುದಿಲ್ಲ. ಆಕೆಯೂ ಕೇಳದೆಯೇ ತನ್ನ ಬಗ್ಗೆ ಒಂದು ಮಾತು ಸೇರಿಸಿದ್ದಾರೆ. ಈ ಒಂದು ಮಾತಿನಿಂದ ಹುರುಪುಗೊಂಡ ಆತ ಎರಡು ದಿನಗಳ ನಂತರ, ರಾತ್ರಿ 10:40ಕ್ಕೆ, ‘ಮಲಗಿದಿರಾ? ಆ ನೀಲಿ ಉಡುಪಿನಲ್ಲಿ ಇವತ್ತು ನಿಮ್ಮಿಂದ ಕಣ್ಣು ತೆಗೆಯಲಾಗಲಿಲ್ಲ’ ಎಂದು ಬರೆದ. ಉತ್ತರ ಬಂದದ್ದು ಮರುದಿನ ಬೆಳಿಗ್ಗೆ: ‘ಹ್ಹ ಹ್ಹ, ಥ್ಯಾಂಕ್ಸ್. ಆ ವರದಿಯ ಅಂತಿಮ ಪ್ರತಿ ಇವತ್ತು ಕಳಿಸುತ್ತೀರಾ?’

ಈ ಎರಡನೆಯ ಉತ್ತರದಲ್ಲಿ ಆತನಿಗೆ ಕಂಡದ್ದು ‘ಹ್ಹ ಹ್ಹ’ ಮಾತ್ರ. ನನಗೆ ಕಂಡದ್ದು ಅದರ ಸಮಯ, ಅದರ ಅಳತೆ ಮತ್ತು ಅದು ತಿರುಗಿದ ದಿಕ್ಕು. ಹಿಂದೆ ನಿಮಿಷಗಳಲ್ಲಿ ಬರುತ್ತಿದ್ದ ಉತ್ತರವು ಕಚೇರಿಯ ವೇಳೆ ಆರಂಭವಾಗುವವರೆಗೆ ಕಾದಿದೆ. ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದವರು ಈಗ ಏನನ್ನೂ ಹೇಳಿಲ್ಲ. ಮಾತು ಕೂಡಲೇ ಕೆಲಸಕ್ಕೆ ಹೊರಳಿದೆ. ಆಕೆ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ್ದಾರೆ. ಇವುಗಳಲ್ಲಿ ಒಂದು ಮಾತ್ರ ಕಂಡಿದ್ದರೆ ಬಿಡುವಿಲ್ಲದ ದಿನವೆಂದು ತಿಳಿಯಬಹುದಿತ್ತು, ಮೂರೂ ಒಟ್ಟಿಗೆ ಬಂದಾಗ ಬೇರೆ ಅರ್ಥವನ್ನು ಹುಡುಕುವುದು ಸರಿಯಲ್ಲ.

ಆಕೆ ನೇರವಾಗಿ ‘ಹೀಗೆ ಬರೆಯಬೇಡಿ’ ಎನ್ನಬಹುದಿತ್ತಲ್ಲ ಎಂದು ಆತ ಕೇಳಿದ. ಈ ಪ್ರಶ್ನೆಗೆ ಸಂಶೋಧನೆಯಲ್ಲೇ ಉತ್ತರವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವನೆಸ್ಸಾ ಬೋನ್ಸ್ ಮತ್ತು ಲಾರೆನ್ ಡಿವಿನ್ಸೆಂಟ್ ಅವರ ಅಧ್ಯಯನವು, ಪ್ರೇಮದ ಕೋರಿಕೆಯನ್ನು ನಿರಾಕರಿಸುವುದು ಎದುರಿನವರಿಗೆ ಎಷ್ಟು ಕಷ್ಟವೆಂಬುದನ್ನು ಕೋರಿದವರು ಕಡಿಮೆ ಅಂದಾಜು ಮಾಡುತ್ತಾರೆ ಎಂದು ತೋರಿಸಿತು. ಕೋರಿದವರಿಗೆ ತಮ್ಮ ಅಳುಕಷ್ಟೇ ಕಾಣುತ್ತದೆ. ಎದುರಿನವರು ನಾಳೆಯ ಕೆಲಸ, ಸಹೋದ್ಯೋಗಿಗಳ ಮಾತು, ಆತ ಮುನಿಸಿಕೊಂಡರೆ ಏನಾದೀತು ಎಂಬ ಲೆಕ್ಕ, ಇಷ್ಟನ್ನೂ ತೂಗಿ ಒಂದು ಮೃದುವಾದ ಸಾಲು ಬರೆದಿರುತ್ತಾರೆ. ಆ ಮೃದುತ್ವವನ್ನು ಸಮ್ಮತಿಯೆಂದು ಓದಿಕೊಳ್ಳುವುದು ಅವರಿಗೆ ಅನ್ಯಾಯ.

ಹಾಗಾದರೆ ಆಸಕ್ತಿಯಿರುವುದು ತಿಳಿಯುವುದೆಂತು? ಆಸಕ್ತಿಯಿರುವವರು ಮರುಪ್ರಶ್ನೆ ಕೇಳುತ್ತಾರೆ. ಕೆಲಸದ ನೆಪವಿಲ್ಲದೆ ತಾವಾಗಿಯೇ ಮಾತು ತೆಗೆಯುತ್ತಾರೆ. ಮೊನ್ನೆ ಅರ್ಧಕ್ಕೆ ನಿಂತಿದ್ದ ಮಾತನ್ನು ನೆನಪಿಟ್ಟು ಮುಂದುವರಿಸುತ್ತಾರೆ, ನಿಮ್ಮ ತುಂಟ ಮಾತಿಗೆ ಅಷ್ಟೇ ತುಂಟ ಮಾತನ್ನು ಹಿಂದಿರುಗಿಸುತ್ತಾರೆ. ಎಮೋಜಿಯಲ್ಲಿ ಇದನ್ನು ಹುಡುಕಬಾರದು, ಅದು ಈಗ ಬಹುಮಟ್ಟಿಗೆ ಪೂರ್ಣವಿರಾಮದ ಸ್ಥಾನದಲ್ಲಿ ಬಳಕೆಯಾಗುತ್ತಿದೆ. ಕೆಲವು ವಾರಗಳ ಸಂದೇಶಗಳನ್ನು ಮೇಲಿಂದ ಕೆಳಗೆ ಓದಿ, ನಿಮ್ಮ ಸಾಲುಗಳನ್ನು ತೆಗೆದುಹಾಕಿದರೆ ಸಂಭಾಷಣೆ ಉಳಿಯುತ್ತದೆಯೇ ಎಂದು ನೋಡಿ. ಎಲ್ಲ ಆರಂಭಗಳೂ ನಿಮ್ಮವೇ ಆಗಿದ್ದರೆ ಹೆಜ್ಜೆ ಹಿಂದಿಡಬೇಕು.

ಇನ್ನು ಎಲ್ಲಿ ಬರೆಯಬೇಕೆಂಬ ಪ್ರಶ್ನೆ. ಕಚೇರಿಯ ಚಾಟ್ ಸಂಸ್ಥೆಯ ಸೊತ್ತು. ಅದರಲ್ಲಿನ ಮಾತುಗಳನ್ನು ಬಹಳಷ್ಟು ಕಡೆ ಉಳಿಸಿಡಲಾಗುತ್ತದೆ. ಹಾಗೆಂದು ತಂಡದ ಗ್ರೂಪಿನಿಂದ ನಂಬರ್ ತೆಗೆದುಕೊಂಡು ಖಾಸಗಿಯಾಗಿ ಬರೆಯುವುದೂ ಸಲ್ಲದು, ಏಕೆಂದರೆ ಅವರು ಆ ನಂಬರನ್ನು ಕೊಟ್ಟಿರುವುದು ಕೆಲಸಕ್ಕಾಗಿ. ಕಳಿಸಿದ್ದನ್ನು ಅಳಿಸಿಹಾಕುವುದರಿಂದಲೂ ಪ್ರಯೋಜನವಿಲ್ಲ: ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿದರೆ, ಏನಿತ್ತೋ ಎಂಬ ಆತಂಕ ಓದುವವರಲ್ಲಿ ಮತ್ತಷ್ಟು ಬೆಳೆಯುತ್ತದೆ. ಎದುರಿನವರ ಬಡ್ತಿ, ರಜೆ ಅಥವಾ ಮೌಲ್ಯಮಾಪನ ನಿಮ್ಮ ಕೈಯಲ್ಲಿದ್ದರೆ ಮಾತ್ರ ಈ ಲೇಖನದ ಯಾವ ಸಲಹೆಯೂ ನಿಮಗಲ್ಲ. ಆ ಅಧಿಕಾರ ಇರುವವರೆಗೆ ಸರಸದ ಸಂದೇಶವೇ ಬೇಡ.

ಆಸಕ್ತಿಯ ಗುರುತುಗಳು ನಿಜವಾಗಿಯೂ ಕಂಡರೆ ಸುಳಿವುಗಳ ಆಟವನ್ನು ಎಳೆಯದೆ ಒಮ್ಮೆ ಸ್ಪಷ್ಟವಾಗಿ ಕೇಳುವುದು ಇಬ್ಬರಿಗೂ ಒಳಿತು. ‘ಇದು ಕೆಲಸದ ವಿಷಯವಲ್ಲ. ನಿಮ್ಮೊಡನೆ ಮಾತಾಡುವುದು ನನಗೆ ತುಂಬ ಇಷ್ಟ. ಶನಿವಾರ ಕಾಫಿಗೆ ಸಿಗೋಣವೇ? ಬೇಡವೆನಿಸಿದರೆ ಹಾಗೆಂದರೆ ಸಾಕು, ಕಾರಣ ಬೇಕಿಲ್ಲ’ ಎಂಬಷ್ಟು ಸಾಕು. ಒಮ್ಮೆ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಫೇಸ್‌ಬುಕ್ ಮತ್ತು ಗೂಗಲ್ ಸಂಸ್ಥೆಗಳಲ್ಲಿ ಸಹೋದ್ಯೋಗಿಯನ್ನು ಹೀಗೆ ಒಂದೇ ಬಾರಿ ಆಹ್ವಾನಿಸಬಹುದೆಂಬ ನಿಯಮವಿರುವುದು 2018ರಲ್ಲಿ ವರದಿಯಾಗಿತ್ತು. ಫೇಸ್‌ಬುಕ್‌ನಲ್ಲಿ ‘ನನಗೆ ಬಿಡುವಿಲ್ಲ’, ‘ಆ ದಿನ ಆಗುವುದಿಲ್ಲ’ ಎಂಬ ಅಸ್ಪಷ್ಟ ಉತ್ತರಗಳನ್ನೂ ಆಗ ನಿರಾಕರಣೆಯೆಂದೇ ಪರಿಗಣಿಸಲಾಗುತ್ತಿತ್ತು. ಇದು ಕಠಿಣವೆಂದು ಹಲವರಿಗೆ ಅನಿಸುತ್ತದೆ. ನನಗೆ ಇದು ನ್ಯಾಯವಾಗಿ ಕಾಣುತ್ತದೆ, ಏಕೆಂದರೆ ಬರಲು ಮನಸ್ಸಿದ್ದೂ ಆ ದಿನ ಬಿಡುವಿಲ್ಲದವರು ಸಾಮಾನ್ಯವಾಗಿ ಬೇರೆ ದಿನವನ್ನು ತಾವೇ ಸೂಚಿಸುತ್ತಾರೆ.

ನಮ್ಮ ಪ್ರಕರಣಕ್ಕೆ ಮರಳಿದರೆ, ಕಾಫಿಗೆ ಕರೆಯಬೇಕೆಂದು ಆತ ಸಿದ್ಧಪಡಿಸಿಕೊಂಡಿದ್ದ ಸಂದೇಶವನ್ನು ಕಳಿಸಬಾರದೆಂದು ನಾನು ಹೇಳಿದೆ. ಪ್ರಶ್ನೆ ಕೇಳುವ ಮೊದಲೇ ಉತ್ತರ ಬಂದಿತ್ತು. ರಾತ್ರಿಯ ಸಂದೇಶಕ್ಕೆ ಉದ್ದನೆಯ ಕ್ಷಮಾಪಣೆ ಬರೆಯುವುದೂ ಬೇಡವೆಂದೆ, ಏಕೆಂದರೆ ಉದ್ದನೆಯ ಕ್ಷಮೆ ಎದುರಿನವರಿಂದ ಸಾಂತ್ವನವನ್ನು ಬೇಡುತ್ತದೆ. ಕೊನೆಗೆ ಆತ ಬರೆದದ್ದು ಇಷ್ಟು: ‘ಅಂತಿಮ ಪ್ರತಿ ಲಗತ್ತಿಸಿದ್ದೇನೆ. ಮೊನ್ನೆ ರಾತ್ರಿ ನಾನು ಹಾಗೆ ಬರೆಯಬಾರದಿತ್ತು, ಕ್ಷಮಿಸಿ. ಇದಕ್ಕೆ ಉತ್ತರ ಬೇಕಿಲ್ಲ.’ ಮುಂದಿನ ವಾರಗಳಲ್ಲಿ ಆತ ಪಾಲಿಸಬೇಕಾದದ್ದು ಇದಕ್ಕಿಂತ ಕಷ್ಟದ್ದು: ಮುಖ ತಿರುಗಿಸದಿರುವುದು, ಸಭೆಯ ಆಹ್ವಾನದಲ್ಲಿ ಆಕೆಯ ಹೆಸರು ಬಿಟ್ಟುಹೋಗದಂತೆ ನೋಡುವುದು, ಆಕೆ ಕೇಳಿದ ಕಡತವನ್ನು ಮೊದಲಿನಷ್ಟೇ ಬೇಗ ಕಳಿಸುವುದು. ನಿರಾಕರಣೆಯ ನಂತರ ಕೆಲಸದಲ್ಲಿ ಸಹಕಾರ ಕುಗ್ಗಿದರೆ ಅದು ಸೇಡೆಂದೇ ಕಾಣುತ್ತದೆ, ಎಷ್ಟೋ ದೂರುಗಳು ಹುಟ್ಟುವುದು ಮೊದಲ ಸಂದೇಶದಿಂದಲ್ಲ, ಇದರಿಂದ.

ಇಂಥ ಸಂದೇಶಗಳನ್ನು ಪಡೆಯುವವರಿಗೂ ಒಂದು ಮಾತು. ಕೆಲಸದತ್ತ ಮಾತು ಹೊರಳಿಸಿದರೂ ಎದುರಿನವರಿಗೆ ಅರ್ಥವಾಗದಿದ್ದರೆ, ‘ನಮ್ಮ ಮಾತುಕತೆ ಕೆಲಸಕ್ಕಷ್ಟೇ ಇರಲಿ’ ಎಂದು ಬರೆದುಬಿಡಿ. ಕಾರಣ ಕೊಡುವ ಹೊಣೆ ನಿಮ್ಮದಲ್ಲ. ಆನಂತರವೂ ಸಂದೇಶ ಬಂದರೆ ದಿನಾಂಕ ಕಾಣುವಂತೆ ಎಲ್ಲವನ್ನೂ ಉಳಿಸಿಕೊಂಡು, ಸಂಸ್ಥೆಯಲ್ಲಿ ದೂರು ಸ್ವೀಕರಿಸುವವರ ಬಳಿಗೆ ಹೋಗಿ.