ಸಣ್ಣ ವರ್ಕ್‌ಶಾಪ್ ಇದೆ, ಕೊಡಗಲ್ಲಿ ಯಾವ ಕೆಲಸ ಹಿಡಿದ್ರೆ ನಡೆಯುತ್ತೆ?

ಪ್ರಶ್ನೆ: ಐಟಿಐ ಫಿಟ್ಟರ್ ಮುಗಿಸಿ ಕೆಲವು ವರ್ಷ ಬೈಕ್ ಗ್ಯಾರೇಜಲ್ಲಿ ಕೆಲಸ ಮಾಡಿದೀನಿ. ಸಿದ್ದಾಪುರದ ಹತ್ರ ರೋಡ್ ಪಕ್ಕದಲ್ಲೇ ನಮ್ಮದೊಂದು ಶೆಡ್ ಇದೆ, ವೆಲ್ಡಿಂಗ್ ಸೆಟ್, ಗ್ರೈಂಡರ್, ಡ್ರಿಲ್ಲಿಂಗ್ ಮಿಷನ್ ಇದೆ. ತೋಟದ ಕೆಲಸಕ್ಕೆ ಕತ್ತಿ ಗುದ್ದಲಿ ಮಾಡಿ ಮಾರೋಣ್ವಾ ಇಲ್ಲ ರಿಪೇರಿ ಕೆಲಸ ಶುರು ಮಾಡೋಣ್ವಾ?

ಉತ್ತರ: ರಿಪೇರಿನೇ ಮಾಡಿ, ಅದ್ರಲ್ಲೂ ವೀಡ್ ಕಟರ್ ರಿಪೇರಿ ಮೊದ್ಲು ಹಿಡೀರಿ. ಕತ್ತಿ ಮಾಡೋದು ಕಬ್ಬಿಣ ಕತ್ತರಿಸಿ ಗ್ರೈಂಡ್ ಮಾಡಿದಷ್ಟು ಸುಲಭ ಅಲ್ಲ, ಕುಲುಮೇಲಿ ಕಾಸಿ ಬಡಿದು ಸರಿಯಾಗಿ ಹದ ಕೊಡಬೇಕು, ಹದ ತಪ್ಪಿದ್ರೆ ಬಾಯಿ ಮಡಚುತ್ತೆ ಇಲ್ಲ ಚಕ್ಕೆ ಏಳುತ್ತೆ. ಅದು ಬರೋರು ನಮ್ಮಲ್ಲಿ ಇನ್ನೂ ಇದಾರೆ, ಆ ಕಡೆ ಅಂಗಡೀಲಿ ಫ್ಯಾಕ್ಟರಿ ಕತ್ತಿನೂ ಕಮ್ಮಿ ರೇಟಿಗೆ ಸಿಗುತ್ತೆ, ಇವೆರಡರ ಮಧ್ಯ ಹೊಸಬರಿಗೆ ಜಾಗ ಕಮ್ಮಿ. ಬೈಕ್ ಇಂಜಿನ್ ಬಿಚ್ಚಿದ ಕೈ ನಿಮ್ದು, ಆ ಕೈಗೆ ಸರಿಯಾದ ಕೆಲಸ ಕಾಫಿ ತೋಟದಲ್ಲೇ ಬೇಕಾದಷ್ಟಿದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕಳೆ ಹೆಂಗೆ ಏಳುತ್ತೆ ಅಂತ ನಿಮಗೇ ಗೊತ್ತು. ಅಲ್ಲಿಂದ ಕಾಫಿ ಕುಯ್ಲು ಶುರು ಆಗೋದ್ರೊಳಗೆ ಎರಡು ಮೂರು ಸಲ ಕಳೆ ಹೊಡೀಲೇಬೇಕು, ಕೂಲಿಗೆ ಜನ ಸಿಗಲ್ಲ, ಹಂಗಾಗಿ ಎರಡು ಎಕರೆ ಇರೋರ ಮನೇಲೂ ಒಂದು ಮಿಷನ್ ಇರುತ್ತೆ. ಆ ಮಿಷನ್ ಕೆಟ್ರೆ ಅದನ್ನ ಹಿಡಿಯೋ ಆಳಿಗೆ ಅವತ್ತು ಕೆಲಸ ಇಲ್ಲ, ಮಾರನೇ ದಿನ ಅವನು ಬೇರೆ ತೋಟಕ್ಕೆ ಹೋಗಿಬಿಡ್ತಾನೆ. ಅದಕ್ಕೇ ಇಲ್ಲಿ ಗಿರಾಕಿ ಮೊದ್ಲು ರೇಟ್ ಕೇಳಲ್ಲ, "ಯಾವಾಗ ಕೊಡ್ತೀರಾ" ಅಂತ ಕೇಳ್ತಾರೆ. ಒಂದು ವಾರ ಮಿಷನ್ ಇಟ್ಕೊಳೋ ಕಡೆಯಿಂದ ಅದೇ ದಿನ ವಾಪಸ್ ಕೊಡೋ ಕಡೆಗೆ ಜನ ತಾವಾಗೇ ಬರ್ತಾರೆ.

ಅದೇ ದಿನ ಕೊಡಬೇಕು ಅಂದ್ರೆ ಮೊದಲ ಹತ್ತು ನಿಮಿಷದಲ್ಲಿ ಎಲ್ಲಿ ಹೋಗಿದೆ ಅಂತ ಗೊತ್ತಾಗಬೇಕು. ತೀರಾ ಸಾಮಾನ್ಯವಾಗಿ ಬರೋ ಒಂದು ಕೇಸ್ ತಗೊಳೋಣ. 52 ಸಿಸಿ ಟೂ ಸ್ಟ್ರೋಕ್ ಮಿಷನ್, ಸ್ಟಾರ್ಟ್ ಆಗುತ್ತೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಉಸಿರು ಕಟ್ಟಿದಂಗಾಗಿ ಆಫ್ ಆಗುತ್ತೆ. ತಂದವರು "ಪ್ಲಗ್ ಹೋಗಿರ್ಬೇಕು, ಬದಲಾಯಿಸಿಬಿಡಿ" ಅಂತಾರೆ. ಪ್ಲಗ್ ಬದಲಾಯಿಸಿ ಕಳಿಸಿದ್ರೆ ಮಾರನೇ ದಿನ ಮಿಷನ್ ವಾಪಸ್ ಬರುತ್ತೆ.

ಮೊದ್ಲು ಟ್ಯಾಂಕಲ್ಲಿರೋ ಪೆಟ್ರೋಲನ್ನ ಒಳಗಿರೋದು ಕಾಣೋ ಒಂದು ಬಾಟ್ಲಿಗೆ ಬಗ್ಗಿಸಿ ಐದು ನಿಮಿಷ ಅಲ್ಲಾಡಿಸದೆ ಇಡಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತೆ, ಎಥನಾಲ್ ನೀರನ್ನ ಎಳ್ಕೊಳುತ್ತೆ, ನಮ್ಮ ಮಳೆಗಾಲದಲ್ಲಿ ಮುಚ್ಚಳ ಸಡಿಲ ಇರೋ ಕ್ಯಾನ್ ಒಳಗೆ ನೀರು ಸೇರೋಕೆ ಜಾಸ್ತಿ ದಿನ ಬೇಕಾಗಿಲ್ಲ. ನೀರು ಜಾಸ್ತಿ ಆದಾಗ ಎಥನಾಲ್ ಮತ್ತೆ ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತೆ, ಬಾಟ್ಲೀಲಿ ನೋಡಿದ್ರೆ ಮೇಲೆ ಆಯಿಲ್ ಬಣ್ಣದ ಪೆಟ್ರೋಲ್, ಕೆಳಗೆ ಬಣ್ಣ ಇಲ್ಲದ ಒಂದು ಪದರ, ಮಧ್ಯ ಗೆರೆ ಎಳೆದಂಗಿರುತ್ತೆ. ಟೂ ಸ್ಟ್ರೋಕ್ ಮಿಷನ್‌ಗೆ ಇದು ಬರೀ ಸ್ಟಾರ್ಟಿಂಗ್ ಟ್ರಬಲ್ ಅಲ್ಲ, ಆಯಿಲ್ ಮೇಲಿನ ಪೆಟ್ರೋಲ್ ಜೊತೆಗೇ ಉಳಿದುಬಿಡುತ್ತೆ, ಟ್ಯಾಂಕಿನ ಫಿಲ್ಟರ್ ಇರೋದು ತಳದಲ್ಲಿ, ಅಲ್ಲಿಂದ ಇಂಜಿನ್ ಎಳ್ಕೊಳೋದು ಆಯಿಲ್ ಇಲ್ಲದ ನೀರು. ಪಿಸ್ಟನ್ ಹಿಡ್ಕೊಳ್ಳೋಕೆ ಅಷ್ಟು ಸಾಕು. ಆ ಬಾಟ್ಲಿನ ಗಿರಾಕಿ ಕೈಗೇ ಕೊಟ್ಟು ತೋರಿಸಿ, ಆಮೇಲೆ ನೀವು ಹೇಳೋ ಎಲ್ಲಾ ಮಾತನ್ನೂ ಅವರು ನಂಬ್ತಾರೆ.

ಎರಡನೇದು ಸೈಲೆನ್ಸರ್. ಸಾಮಾನ್ಯವಾಗಿ ಎರಡು ಬೋಲ್ಟ್, ಬಿಚ್ಚಿ ತೆಗೆದ್ರೆ ಎಕ್ಸಾಸ್ಟ್ ಪೋರ್ಟಲ್ಲಿ ಪಿಸ್ಟನ್ ಕಾಣುತ್ತೆ. ಟಾರ್ಚ್ ಬಿಟ್ಟು, ಸ್ಟಾರ್ಟರ್ ಹಗ್ಗನ ನಿಧಾನಕ್ಕೆ ಎಳೀತಾ ನೋಡಿ. ಪಿಸ್ಟನ್ ಮೈ ನುಣ್ಣಗಿದ್ರೆ ಮುಂದಿನ ಕೆಲಸ ಮಾಡಬಹುದು. ಮೇಲಿಂದ ಕೆಳಗೆ ಉದ್ದುದ್ದ ಗೀರು ಬಿದ್ದಿದ್ರೆ, ರಿಂಗ್ ಜಾಗದಲ್ಲಿ ಅಲ್ಯೂಮಿನಿಯಂ ಮೆತ್ತಿದ್ರೆ ಅಲ್ಲೇ ನಿಲ್ಲಿಸಿ ಓನರ್‌ಗೆ ಫೋನ್ ಮಾಡಿ. ಬೋರು ಪಿಸ್ಟನ್ ಸೆಟ್ ಹಾಕೋದು ದೊಡ್ಡ ಖರ್ಚು, ಹಳೇ ಮಿಷನ್‌ಗೆ ಅಷ್ಟು ಹಾಕಬೇಕಾ ಬೇಡ್ವಾ ಅಂತ ಅವರೇ ಹೇಳಲಿ. ಕೇಳದೆ ಕಾರ್ಬೊರೇಟರ್ ಎಲ್ಲಾ ಕ್ಲೀನ್ ಮಾಡಿ, ಕೊನೇಗೆ ಪಿಸ್ಟನ್ ಹೋಗಿದೆ ಅಂದ್ರೆ ನಿಮ್ಮ ಕೂಲಿನೂ ಬರಲ್ಲ ಹೆಸರೂ ಉಳಿಯಲ್ಲ. ಸೈಲೆನ್ಸರ್ ಕೈಯಲ್ಲಿರೋವಾಗಲೇ ಬಾಯಲ್ಲಿರೋ ಸಣ್ಣ ಜಾಲರಿನೂ ನೋಡಿ, ಕಾರ್ಬನ್ ಕಟ್ಟಿ ಮುಚ್ಚಿಹೋಗಿದ್ರೆ ಅದೊಂದಕ್ಕೇ ಮಿಷನ್ ರೈಸ್ ಆಗಲ್ಲ.

ನಮ್ಮ ಕೇಸಲ್ಲಿ ಪಿಸ್ಟನ್ ಸರಿ ಇದೆ ಅಂತ ಇಟ್ಕೊಳಿ. ಆಗ ಕಾರ್ಬೊರೇಟರ್. ಇದು ಬೈಕಿನ ತರ ಫ್ಲೋಟ್ ಇರೋದಲ್ಲ, ಮಿಷನ್ ಯಾವ ಕಡೆ ವಾಲಿದ್ರೂ ಓಡಬೇಕಲ್ಲ, ಅದಕ್ಕೆ ಒಳಗೆ ತೆಳ್ಳಗಿನ ರಬ್ಬರ್ ಡಯಾಫ್ರಮ್ ಇರುತ್ತೆ, ಅದು ಉಬ್ಬಿ ಇಳಿದಂಗೆ ಪೆಟ್ರೋಲ್ ಬರುತ್ತೆ. ಹಳೇ ಪೆಟ್ರೋಲ್ ಒಳಗೇ ಬಿಟ್ಟು ನಾಕೈದು ತಿಂಗಳು ಮೂಲೇಲಿ ಇಟ್ರೆ ಡಯಾಫ್ರಮ್ ಗಟ್ಟಿಯಾಗಿಬಿಡುತ್ತೆ. ಹೊಸದು ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಬಗ್ಗುತ್ತೆ, ಹೋಗಿರೋದು ಹಳೇ ಎಕ್ಸ್‌ರೇ ಫಿಲ್ಮ್ ತರ ಪಟಪಟ ಅನ್ನುತ್ತೆ. ಗಟ್ಟಿಯಾದದ್ದು ಐಡಲ್‌ಗೆ ಬೇಕಾದಷ್ಟು ಪೆಟ್ರೋಲ್ ಬಿಡುತ್ತೆ, ಆಕ್ಸಿಲರೇಟರ್ ಕೊಟ್ಟಾಗ ಬೇಕಾದಷ್ಟು ಬಿಡಲ್ಲ, ಸ್ಟಾರ್ಟ್ ಆಗಿ ಆಫ್ ಆಗೋದು ಅದಕ್ಕೇ. ಪಿನ್ ಹಾಕಿ ಜೆಟ್ ಕೆರೆಯೋಕೆ ಹೋಗ್ಬೇಡಿ, ಕ್ಲೀನರ್ ಸ್ಪ್ರೇ ಮತ್ತೆ ಗಾಳಿ ಸಾಕು. ಡಯಾಫ್ರಮ್ ಕಿಟ್, ಟ್ಯಾಂಕ್ ಫಿಲ್ಟರ್, ಬಿರುಕು ಬಿಟ್ಟ ಪೆಟ್ರೋಲ್ ಪೈಪ್ ಮೂರನ್ನೂ ಒಟ್ಟಿಗೇ ಬದಲಾಯಿಸಿ, ಏರ್ ಫಿಲ್ಟರ್ ಸ್ಪಂಜ್ ತೊಳೆದು ಒಣಗಿಸಿ ಹಾಕಿ. ಅಲ್ಲಿಗೆ ಈ ರಿಪೇರಿ ಮುಗೀತು, ಕೈ ಕೂತ ಮೇಲೆ ಒಂದು ಗಂಟೆ ಕೆಲಸ.

ಕೊಡೋ ಮುಂಚೆ ಎರಡು ಕಡೆ ನೋಡ್ಲೇಬೇಕು. ಐಡಲಲ್ಲಿ ಬ್ಲೇಡ್ ತಿರುಗಬಾರದು. ತಿರುಗ್ತಾ ಇದ್ರೆ ಮೊದ್ಲು ಐಡಲ್ ಇಳಿಸಿ, ಆದ್ರೂ ನಿಲ್ಲದಿದ್ರೆ ಕ್ಲಚ್ ಸ್ಪ್ರಿಂಗ್ ಹೋಗಿದೆ ಅಂತ ಅರ್ಥ, ಅದನ್ನ ಸರಿ ಮಾಡದೆ ಯಾವ ಕಾರಣಕ್ಕೂ ಕೊಡಬೇಡಿ, ಇದರಲ್ಲಿ ಕಾಲು ಹೋಗುತ್ತೆ. ಇನ್ನೊಂದು ಕೆಳಗಡೆ ಗೇರ್ ಹೆಡ್. ಒದ್ದೆ ಹುಲ್ಲು ಸುತ್ತಿಕೊಂಡು ಸೀಲ್ ಹರಿದು ಒಳಗೆ ನೀರು ಹೋಗುತ್ತೆ, ಗ್ರೀಸ್ ಹಾಲು ಕಲಸಿದಂಗೆ ಬೆಳ್ಳಗಾಗುತ್ತೆ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಹೆಡ್ ಮುಟ್ಟೋಕಾಗದಷ್ಟು ಬಿಸಿ ಇದ್ರೆ, ಅಥವಾ ಬ್ಲೇಡ್ ಹಿಡಿದು ಅಲ್ಲಾಡಿಸಿದಾಗ ಆಟ ಇದ್ರೆ ಬೇರಿಂಗ್ ನೋಡಿ. ಗ್ರೀಸ್ ಬಾಯಿ ತುಂಬಾ ತುಂಬಬೇಡಿ, ಮುಕ್ಕಾಲಿಗಿಂತ ಕಮ್ಮಿ ಇರಲಿ, ಜಾಸ್ತಿ ಆದ್ರೆ ಬಿಸಿಗೆ ಉಬ್ಬಿ ಹೊಸ ಸೀಲನ್ನೇ ದೂಡುತ್ತೆ.

ಇಂಜಿನ್ ಹೋಗೋಕೆ ಇನ್ನೊಂದು ದೊಡ್ಡ ಕಾರಣ ಪೆಟ್ರೋಲ್ ಮಿಕ್ಸ್. ಒಂದೇ ಎಸ್ಟೇಟಲ್ಲಿ ಟೂ ಸ್ಟ್ರೋಕೂ ಇರುತ್ತೆ ಫೋರ್ ಸ್ಟ್ರೋಕೂ ಇರುತ್ತೆ, ಕ್ಯಾನ್ ನೋಡೋಕೆ ಎರಡೂ ಒಂದೇ ತರ. ಟೂ ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ರೆ ಸ್ವಲ್ಪ ಹೊತ್ತಲ್ಲೇ ಪಿಸ್ಟನ್ ಜಾಮ್. ಕಂಪನಿ 1:50 ಅಂದಿದ್ರೆ ಲೀಟರ್‌ಗೆ 20 ಎಂಎಲ್ ಟೂಟಿ ಆಯಿಲ್, 1:25 ಅಂದಿದ್ರೆ 40 ಎಂಎಲ್. ಮಿಷನ್ ವಾಪಸ್ ಕೊಡುವಾಗ ಟ್ಯಾಂಕ್ ಮೇಲೆ ಪೇಂಟಲ್ಲಿ ಅದನ್ನ ಬರೆದೇ ಕೊಡಿ, ಅದೇ ಬಣ್ಣದ ಪಟ್ಟೆ ಅವರ ಕ್ಯಾನ್‌ಗೂ ಬಳಿಯಿರಿ. ಕೆಲಸ ಮಾಡೋ ಎಷ್ಟೋ ಜನಕ್ಕೆ ಕನ್ನಡ ಓದೋಕೆ ಬರಲ್ಲ, ಬಣ್ಣ ಎಲ್ಲರಿಗೂ ಗೊತ್ತಾಗುತ್ತೆ.

ಈಗ ದುಡ್ಡಿನ ವಿಷಯ. ಬ್ರಾಂಡ್ ಇಲ್ಲದ ಕಮ್ಮಿ ರೇಟಿನ ಟೂ ಸ್ಟ್ರೋಕ್ ಮಿಷನ್‌ಗಳಲ್ಲಿ ಹೆಚ್ಚಿನವು 43 ಇಲ್ಲ 52 ಸಿಸಿ, ಸ್ಟಿಕ್ಕರ್ ಬೇರೆ ಬೇರೆ ಇದ್ರೂ ಒಳಗಿನ ಸುಮಾರು ಪಾರ್ಟ್ಸ್ ಒಂದಕ್ಕೊಂದು ಹೊಂದುತ್ತೆ. ಅದಕ್ಕೇ ನಿಮ್ಮಂತ ಸಣ್ಣ ಶೆಡ್ಡಲ್ಲೂ ಸ್ಟಾಕ್ ಇಡೋಕಾಗುತ್ತೆ: ಡಯಾಫ್ರಮ್ ಕಿಟ್, ಪ್ಲಗ್, ಪೈಪ್, ಫಿಲ್ಟರ್, ಸ್ಟಾರ್ಟರ್ ಹಗ್ಗ ಮತ್ತೆ ಸ್ಪ್ರಿಂಗ್, ಕ್ಲಚ್, ಗೇರ್ ಹೆಡ್ಡಿನ ಬೇರಿಂಗ್. ಬ್ರಾಂಡ್ ಮಿಷನ್ ಪಾರ್ಟ್ಸ್ ಬಂದಾಗ ತರಿಸಿದ್ರೆ ಸಾಕು, ಮೊದ್ಲೇ ದುಡ್ಡು ಅಲ್ಲಿ ಹಾಕಬೇಡಿ. ಸೀಸನ್ನಿಗೆ ಕಾಯದೆ ಏಪ್ರಿಲ್ ಮೇನಲ್ಲೇ ಸುತ್ತಮುತ್ತ ತೋಟಗಳಿಗೆ ಹೋಗಿ, ಓನರ್ ಸಿಗದಿದ್ರೆ ರೈಟರ್ ಹತ್ರ ಮಾತಾಡಿ, ಮಳೆಗೆ ಮುಂಚಿನ ಸರ್ವಿಸ್ ಅಂತ ಒಂದು ಫಿಕ್ಸ್ ರೇಟ್ ಹೇಳಿ. ಲೆಕ್ಕಕ್ಕೆ ಕೂಲಿ 500 ರೂಪಾಯಿ ಅಂತ ಇಟ್ಕೊಂಡು 60 ಮಿಷನ್ ಬಂದ್ರೆ ಮಳೆ ಶುರು ಆಗೋದ್ರೊಳಗೆ 30,000 ಬರುತ್ತೆ, ಪಾರ್ಟ್ಸ್ ಮಾರ್ಜಿನ್ ಬೇರೆ, ಮತ್ತೆ ಜುಲೈಲಿ ಆ 60 ಜನ ನಿಮ್ಮತ್ರಾನೇ ಬರೋದು. ಒಂದೆರಡು ಹಳೇ ಮಿಷನ್ ತಗೊಂಡು ರೆಡಿ ಮಾಡಿ ಶೆಡ್ಡಲ್ಲಿ ಇಡಿ. ಇವರ ಮಿಷನ್ ಅವತ್ತೇ ಆಗಲ್ಲ ಅಂದ್ರೆ ದಿನ ಬಾಡಿಗೆಗೆ ಅದನ್ನ ಕೊಡಿ, ಅವರ ಕೆಲಸ ನಿಲ್ಲಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರಲ್ಲ ಅನ್ನೋದು ನಮಗೆ ಹೊಸದಲ್ಲ, ಈ ಕೆಲಸಕ್ಕೆ ಸ್ಪ್ಯಾನರ್, ಒಂದು ಕೈ ಪಂಪು, ಚಾರ್ಜಿಂಗ್ ಲೈಟ್ ಇದ್ರೆ ನಡೆಯುತ್ತೆ, ವೆಲ್ಡಿಂಗ್ ನಂಬಿಕೊಂಡ ಕೆಲಸ ಆದ್ರೆ ನಿಂತುಹೋಗುತ್ತೆ.

ಕಳೆ ಸೀಸನ್ ಮುಗಿದ ಮೇಲೆ ಏನು ಅಂತ ಕೇಳ್ತೀರಿ. ಅದು ಊರಿನ ಮೇಲೆ ಹೋಗುತ್ತೆ. ಸೋಮವಾರಪೇಟೆ ಮಾದಾಪುರ ಕಡೆ ಅರೇಬಿಕ ಇದೆ, ಅಲ್ಲಿ ಹಣ್ಣು ಪಲ್ಪ್ ಮಾಡ್ತಾರೆ, ಅಕ್ಟೋಬರಲ್ಲಿ ಪಲ್ಪರ್ ಸರ್ವಿಸ್ ಸಿಗುತ್ತೆ. ನಿಮ್ಮ ಸಿದ್ದಾಪುರ ಕಡೆ ರೊಬಸ್ಟಾ ಜಾಸ್ತಿ, ಅದನ್ನ ಹೆಚ್ಚಿನವರು ಕಣದಲ್ಲಿ ಹಣ್ಣು ಸಮೇತ ಒಣಗಿಸೋದು, ಪಲ್ಪರ್ ಕೆಲಸ ನಂಬಿಕೊಂಡು ಕೂರೋಕಾಗಲ್ಲ. ನಿಮಗೆ ಸಿಗೋದು ಫೆಬ್ರವರಿ ಮಾರ್ಚಿನ ಸ್ಪ್ರಿಂಕ್ಲರ್ ಕೆಲಸ, ಹೂವಿಗೆ ನೀರು ಹೊಡೆಯೋ ಟೈಮಲ್ಲಿ ಡೀಸೆಲ್ ಪಂಪ್‌ಸೆಟ್ ಕೆಟ್ರೆ ಯಾರೂ ಒಂದು ದಿನಾನೂ ಕಾಯಲ್ಲ. ಜನವರಿ ಮುಗಿಯೋದ್ರೊಳಗೆ ಪಂಪಿನ ಗ್ಲ್ಯಾಂಡ್ ಪ್ಯಾಕಿಂಗ್, ಫುಟ್‌ವಾಲ್ವ್, ಸ್ಪ್ರಿಂಕ್ಲರ್ ಪೈಪಿನ ರಬ್ಬರ್ ರಿಂಗ್ ತಂದಿಟ್ಕೊಳಿ.

ಮೆಣಸು ಕುಯ್ಯೋ ಅಲ್ಯೂಮಿನಿಯಂ ಏಣಿ ವೆಲ್ಡಿಂಗ್ ಕೇಳ್ಕೊಂಡು ಜನ ಬಂದೇ ಬರ್ತಾರೆ. ನಿಮ್ಮತ್ರ ಇರೋ ಸಾಮಾನ್ಯ ವೆಲ್ಡಿಂಗ್ ಸೆಟ್ಟಲ್ಲಿ ಅಲ್ಯೂಮಿನಿಯಂ ಸರಿಯಾಗಿ ಕೂರಲ್ಲ, ಮೇಲೆ ನೋಡೋಕೆ ಚೆನ್ನಾಗಿದ್ರೂ ಒಳಗೆ ಹಿಡಿದಿರಲ್ಲ, ಇಪ್ಪತ್ತು ಅಡಿ ಮೇಲೆ ಮನುಷ್ಯ ನಿಂತಿರ್ತಾನೆ. ಆಗಲ್ಲ ಅಂತ ಹೇಳಿ ಕಳಿಸಿ. ಕರೆಂಟ್ ಲೈನಿಗೆ ಏಣಿ ತಾಗಿ ನಮ್ಮ ತೋಟಗಳಲ್ಲಿ ಜೀವ ಹೋಗಿದೆ, ಅದನ್ನೂ ಬಂದವರಿಗೆ ನೆನಪು ಮಾಡಿ.

ಕಳೆ ಕೆಲಸ ಮುಗಿದ ಮೇಲೆ ಗಿರಾಕಿಗಳಿಗೆಲ್ಲ ಒಂದು ವಾಟ್ಸಾಪ್ ಮೆಸೇಜ್ ಹಾಕಿ: ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ಆಫ್ ಆಗೋ ತನಕ ಓಡಿಸಿ, ಆಮೇಲೆ ಎತ್ತಿಡಿ ಅಂತ. ಹಂಗೆ ಹೇಳಿದ್ರೆ ನಮ್ಮ ಕೆಲಸ ಕಮ್ಮಿ ಆಗಲ್ವಾ ಅಂತ ಅನಿಸಬಹುದು. ಡಯಾಫ್ರಮ್ ಒಂದು ಕಮ್ಮಿ ಹೋಗುತ್ತೆ ಅಷ್ಟೇ, ಗೇರ್ ಹೆಡ್ಡು, ಕ್ಲಚ್ಚು, ಬ್ಲೇಡು ಹೇಗೂ ಸವೆಯುತ್ತೆ, ಏಪ್ರಿಲಲ್ಲಿ ಸರ್ವಿಸ್‌ಗೆ ಅಂತ ನೀವು ಫೋನ್ ಮಾಡಿದಾಗ ಅವರು ಮಿಷನ್ ಕಳಿಸ್ತಾರೆ.